ಐಯುಐ ಸಾಕಾ, ಐವಿಎಫ್ ಬೇಕಾ? ನಿರ್ಧಾರ ಮಾಡೋ ಮೂರು ಪ್ರಶ್ನೆಗಳು

ಇಯರ್‌ಫೋನ್ ಹಾಕ್ಕೊಂಡೇ ಕೇಳಿ, ಯಾಕೆಂದರೆ ಈ ವಿಷಯ ಮನೆಯಲ್ಲಿ ಜೋರಾಗಿ ಮಾತಾಡೋಕೆ ಇನ್ನೂ ನಮ್ಮಲ್ಲಿ ಬಹಳ ಜನ ಹಿಂಜರಿಯುತ್ತಾರೆ.

ಮದುವೆಯಾಗಿ ಎರಡು ಮೂರು ವರ್ಷ ಆಗಿರುತ್ತೆ, ಮಗು ಆಗಿರಲ್ಲ. ಡಾಕ್ಟರ್ ಹತ್ರ ಹೋದ್ರೆ ಎರಡು ಹೆಸರು ಕಿವಿಗೆ ಬೀಳುತ್ತೆ: ಐಯುಐ ಮತ್ತು ಐವಿಎಫ್. ಒಂದಕ್ಕೆ ಸಾವಿರಗಳಲ್ಲಿ ಖರ್ಚು, ಇನ್ನೊಂದಕ್ಕೆ ಲಕ್ಷಗಳಲ್ಲಿ. ಹಾಗಾಗಿ ತುಂಬಾ ಜನ ಇದನ್ನ ಸಣ್ಣ ಟ್ರೀಟ್‌ಮೆಂಟ್, ದೊಡ್ಡ ಟ್ರೀಟ್‌ಮೆಂಟ್ ಅಂತ ಅಂದ್ಕೊಂಡುಬಿಡ್ತಾರೆ. ಮೊದಲು ಚಿಕ್ಕದು ಮಾಡಿಸೋಣ, ಆಗದಿದ್ರೆ ದೊಡ್ಡದು ನೋಡೋಣ ಅನ್ನೋ ಲೆಕ್ಕ. ಕೆಲವರಿಗೆ ಆ ಲೆಕ್ಕ ಸರಿ. ಇನ್ನು ಕೆಲವರಿಗೆ ಆ ಲೆಕ್ಕದಿಂದಲೇ ಎರಡು ವರ್ಷ ಕೈ ಜಾರಿ ಹೋಗುತ್ತೆ. ಅದೇ ರೀತಿ, ಐಯುಐನಲ್ಲೇ ಆಗಬಹುದಾಗಿದ್ದವರು ನೇರವಾಗಿ ಸಾಲ ಮಾಡಿ ಐವಿಎಫ್‌ಗೆ ಹೋಗೋದೂ ಇದೆ.

ಈ ಎರಡೂ ಬೇರೆ ಬೇರೆ ತೊಂದರೆಗೆ ಇರೋ ಬೇರೆ ಬೇರೆ ಪರಿಹಾರ. ಅದು ಅರ್ಥ ಆಗಬೇಕಂದ್ರೆ ಸಹಜವಾಗಿ ಗರ್ಭ ನಿಲ್ಲೋದು ಎಲ್ಲಿ ಅಂತ ಮೊದಲು ನೋಡಬೇಕು.

ಗರ್ಭಕೋಶದ ಎರಡೂ ಬದಿಗೆ ಒಂದೊಂದು ಸಣ್ಣ ನಾಳ ಇರುತ್ತೆ. ಗರ್ಭನಾಳ ಅಂತೀವಿ, ಆಸ್ಪತ್ರೆಯಲ್ಲಿ ಟ್ಯೂಬ್ ಅಂತಾರೆ. ಸುಮಾರು ಹತ್ತು ಸೆಂಟಿಮೀಟರ್ ಉದ್ದ. ಅಂಡಾಶಯದಿಂದ ಬಿಡುಗಡೆಯಾದ ಅಂಡಾಣುವನ್ನ ಟ್ಯೂಬಿನ ತುದಿ ಹಿಡ್ಕೊಳ್ಳುತ್ತೆ. ವೀರ್ಯಾಣುಗಳು ಕೆಳಗಿಂದ ಹೊರಟು, ಗರ್ಭಕಂಠ ದಾಟಿ, ಗರ್ಭಕೋಶ ದಾಟಿ, ಆ ಟ್ಯೂಬಿನ ಒಳಗೆ ಹೋಗಿ ಅಂಡಾಣುವನ್ನ ಸೇರಬೇಕು. ಅಂದ್ರೆ ಎರಡೂ ಒಂದಾಗೋದು ಗರ್ಭಕೋಶದಲ್ಲಲ್ಲ, ಟ್ಯೂಬಿನಲ್ಲಿ. ಅಲ್ಲಿ ಭ್ರೂಣ ಆಗಿ, ಐದಾರು ದಿನಕ್ಕೆ ಗರ್ಭಕೋಶಕ್ಕೆ ಇಳಿದು ಅಂಟಿಕೊಳ್ಳುತ್ತೆ.

ಈ ದಾರಿಯಲ್ಲಿ ಕೋಟಿಗಟ್ಟಲೆ ವೀರ್ಯಾಣು ಹೊರಟರೂ ಟ್ಯೂಬ್ ತನಕ ತಲುಪೋದು ಕೆಲವು ನೂರು ಮಾತ್ರ. ಅಂಡಾಣು ಬದುಕಿರೋದು ಹೆಚ್ಚೆಂದ್ರೆ ಒಂದು ದಿನ. ಹಾಗಾಗಿ ಸಮಯಾನೂ ಕೂಡಿ ಬರಬೇಕು.

ಈಗ ಐಯುಐ ಏನು ಮಾಡುತ್ತೆ? ವೀರ್ಯವನ್ನ ತೊಳೆದು, ಚುರುಕಾದ ವೀರ್ಯಾಣುಗಳನ್ನ ಮಾತ್ರ ತೆಗೆದು, ಸಣ್ಣ ಕೊಳವೆಯಲ್ಲಿ ನೇರವಾಗಿ ಗರ್ಭಕೋಶದ ಒಳಗೆ ಬಿಡ್ತಾರೆ. ದಾರಿಯ ಮೊದಲರ್ಧ ಉಳಿಯುತ್ತೆ, ಅಷ್ಟೇ. ಅಲ್ಲಿಂದ ಮುಂದೆ ಟ್ಯೂಬ್ ಹತ್ತೋದು, ಅಂಡಾಣು ಸೇರೋದು, ಭ್ರೂಣ ಆಗೋದು, ಎಲ್ಲಾ ದೇಹದ ಒಳಗೇ, ತಾನಾಗೇ ಆಗಬೇಕು.

ಐವಿಎಫ್‌ನಲ್ಲಿ ಅಂಡಾಣುಗಳನ್ನೇ ಹೊರಗೆ ತೆಗೀತಾರೆ. ಲ್ಯಾಬಿನಲ್ಲಿ ವೀರ್ಯಾಣು ಜೊತೆ ಸೇರಿಸಿ, ಭ್ರೂಣ ಬೆಳೆಸಿ, ಮತ್ತೆ ಗರ್ಭಕೋಶಕ್ಕೆ ಇಡ್ತಾರೆ. ಇಲ್ಲಿ ಟ್ಯೂಬಿಗೆ ಕೆಲಸವೇ ಇಲ್ಲ. ಇತಿಹಾಸದಲ್ಲೂ ಹಾಗೇ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಐವಿಎಫ್‌ನಿಂದ ಹುಟ್ಟಿದ ಜಗತ್ತಿನ ಮೊದಲ ಮಗು. ಅವರ ತಾಯಿಗೆ ಎರಡೂ ಟ್ಯೂಬ್ ಮುಚ್ಚಿಹೋಗಿತ್ತು. ಆ ತೊಂದರೆಯನ್ನ ದಾಟೋಕೆ ಹುಡುಕಿದ ದಾರಿ ಇದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ಭಾರತದ ಮೊದಲ ಮಗು ಹುಟ್ಟಿತು.

ಇಷ್ಟು ಗೊತ್ತಾದ್ರೆ ಪ್ರಶ್ನೆಗಳು ತಾನಾಗೇ ಬರುತ್ತೆ. ಒಂದು, ದಾರಿ ತೆರೆದಿದೆಯಾ, ಅಂದ್ರೆ ಟ್ಯೂಬ್ ಸರಿ ಇದೆಯಾ? ಎರಡು, ವೀರ್ಯಾಣುಗಳ ಲೆಕ್ಕ ಸಾಕಾ? ಮೂರು, ನಮ್ಮ ಹತ್ರ ಟೈಮ್ ಎಷ್ಟಿದೆ? ದಾರಿ, ಲೆಕ್ಕ, ಟೈಮ್. ಇವತ್ತಿನ ಮಾತೆಲ್ಲಾ ಈ ಮೂರರ ಸುತ್ತಾನೇ.

ಒಂದು ಜೋಡಿಯನ್ನ ಕಲ್ಪಿಸಿಕೊಳ್ಳೋಣ. ದಾವಣಗೆರೆಯವರು ಅಂತಿಟ್ಕೊಳ್ಳಿ. ಹೆಂಡತಿಗೆ 31, ಗಂಡನಿಗೆ 34. ಎರಡು ವರ್ಷದಿಂದ ಪ್ರಯತ್ನ ಮಾಡ್ತಿದ್ದಾರೆ. ಪೀರಿಯಡ್ಸ್ ಸರಿಯಾಗಿ ತಿಂಗಳಿಗೊಮ್ಮೆ ಬರುತ್ತೆ.

ಸಾಮಾನ್ಯವಾಗಿ ನಮ್ಮ ಮನೆಗಳಲ್ಲಿ ಏನಾಗುತ್ತೆ? ಸೊಸೆಗೆ ಸ್ಕ್ಯಾನಿಂಗ್, ಸೊಸೆಗೆ ರಕ್ತ ಪರೀಕ್ಷೆ, ಸೊಸೆಗೆ ನಾಟಿ ಔಷಧಿ, ಸೊಸೆಗೆ ಹರಕೆ. ಮಗನಿಗೆ ಒಂದು ಪರೀಕ್ಷೇನೂ ಆಗಿರಲ್ಲ. ಆದ್ರೆ ಎಲ್ಲಕ್ಕಿಂತ ಸುಲಭದ, ಕಡಿಮೆ ಖರ್ಚಿನ, ನೋವಿಲ್ಲದ ಪರೀಕ್ಷೆ ಅಂದ್ರೆ ಗಂಡಸಿನದ್ದೇ: ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಇದ್ದು ಸ್ಯಾಂಪಲ್ ಕೊಡಬೇಕು, ಅಷ್ಟೇ. ಅದಕ್ಕೇ ಮೊದಲ ದಿನವೇ ಇಬ್ಬರೂ ಒಟ್ಟಿಗೆ ಹೋಗಿ.

ನಮ್ಮ ಜೋಡಿಯ ವೀರ್ಯ ಪರೀಕ್ಷೆಯ ರಿಪೋರ್ಟ್ ಬಂತು. ಪ್ರಮಾಣ 2 ಎಂಎಲ್. ಒಂದು ಎಂಎಲ್‌ಗೆ 14 ಮಿಲಿಯನ್ ವೀರ್ಯಾಣು. ಚಲಿಸ್ತಿರೋದು ನೂರಕ್ಕೆ 35. ಮಿಲಿಯನ್ ಅಂದ್ರೆ ಹತ್ತು ಲಕ್ಷ ಅಂತ ನೆನಪಿಟ್ಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟಿರೋ ಕೆಳಗಿನ ಮಿತಿ ಒಂದು ಎಂಎಲ್‌ಗೆ 16 ಮಿಲಿಯನ್, ಚಲನೆ ನೂರಕ್ಕೆ 42. ಹಾಗಾದ್ರೆ ಇವರದ್ದು ಸ್ವಲ್ಪ ಕಡಿಮೆ. ರಿಪೋರ್ಟಿನಲ್ಲಿ ಆ ಸಾಲು ದಪ್ಪ ಅಕ್ಷರದಲ್ಲಿ ಬಂದಿರುತ್ತೆ, ನೋಡಿದ ತಕ್ಷಣ ಎದೆ ಧಸಕ್ ಅನ್ನುತ್ತೆ. ಆದ್ರೆ ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡಬೇಡಿ. ಒಂದು ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು. ಹೋದ ತಿಂಗಳು ಜೋರು ಜ್ವರ ಬಂದಿದ್ರೆ ಈ ತಿಂಗಳ ರಿಪೋರ್ಟ್ ಕೆಟ್ಟದಾಗಿ ಬರಬಹುದು. ಕಡಿಮೆ ಬಂದ್ರೆ, ಸುಮಾರು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ತೀರಾ ಕಡಿಮೆ ಇದ್ರೆ ಅಷ್ಟು ಕಾಯಲ್ಲ, ಬೇಗನೇ ಮಾಡಿಸ್ತಾರೆ. ಇವರು ಮಾಡಿಸಿದ್ರು, ಹೆಚ್ಚು ಕಡಿಮೆ ಅದೇ ಬಂತು.

ಈಗ ಲೆಕ್ಕ ಹಾಕಿ. 2 ಎಂಎಲ್, ಗುಣಿಸು 14, ಒಟ್ಟು 28 ಮಿಲಿಯನ್. ಅದರಲ್ಲಿ ನೂರಕ್ಕೆ 35, ಅಂದ್ರೆ ಸುಮಾರು 10 ಮಿಲಿಯನ್ ಚಲಿಸ್ತಿದೆ. ತೊಳೆದಾಗ ಅದರಲ್ಲಿ ಅರ್ಧದಷ್ಟು ಕೈಗೆ ಸಿಕ್ಕಿದ್ರೆ 5 ಮಿಲಿಯನ್. ಐಯುಐಗೆ ಡಾಕ್ಟರ್ ನೋಡೋ ಅಂಕಿ ಇದೇ: ತೊಳೆದ ಮೇಲೆ ಉಳಿಯೋ ಚುರುಕಾದ ವೀರ್ಯಾಣು ಎಷ್ಟು? ಐದು ಮಿಲಿಯನ್ ಆಸುಪಾಸು ಅಥವಾ ಅದಕ್ಕಿಂತ ಮೇಲಿದ್ರೆ ಐಯುಐಗೆ ಅರ್ಥ ಇದೆ. ಒಂದು ಮಿಲಿಯನ್‌ಗಿಂತ ಕೆಳಗಿದ್ರೆ ಅವಕಾಶ ತೀರಾ ಕಡಿಮೆ. ಹಾಗಾಗಿ ಲೆಕ್ಕದ ಪ್ರಶ್ನೆಗೆ ಈ ಜೋಡಿಯ ಉತ್ತರ: ಸಾಕು.

ಮುಂದೆ ದಾರಿ. ಟ್ಯೂಬ್ ತೆರೆದಿದೆಯಾ ಅಂತ ಸಾಮಾನ್ಯ ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಲ್ಲ. ಅದಕ್ಕೆ ಎಚ್‌ಎಸ್‌ಜಿ ಅನ್ನೋ ಎಕ್ಸ್‌ರೇ ಇದೆ. ಪೀರಿಯಡ್ಸ್ ನಿಂತ ಮೇಲೆ, ಅಂಡಾಣು ಬಿಡುಗಡೆಯಾಗೋಕೆ ಮುಂಚೆ ಮಾಡ್ತಾರೆ. ಗರ್ಭಕೋಶಕ್ಕೆ ಒಂದು ದ್ರವ ಬಿಟ್ಟು, ಅದು ಎರಡೂ ಟ್ಯೂಬ್ ಮೂಲಕ ಹೊಟ್ಟೆಯೊಳಗೆ ಚೆಲ್ಲುತ್ತಾ ಅಂತ ಎಕ್ಸ್‌ರೇನಲ್ಲಿ ನೋಡ್ತಾರೆ. ಕೆಲವು ನಿಮಿಷ ಪೀರಿಯಡ್ಸ್ ನೋವಿನ ಥರ ಹಿಂಡಿದ ಹಾಗಾಗುತ್ತೆ. ಟ್ಯೂಬ್ ನೋಡದೆ ಐಯುಐ ಶುರು ಮಾಡೋಣ ಅಂದ್ರೆ, ಯಾಕೆ ಅಂತ ಕೇಳೋ ಹಕ್ಕು ನಿಮಗಿದೆ. ಮುಚ್ಚಿದ ಗೇಟಿನ ಮುಂದೆ ಗಾಡಿ ನಿಲ್ಲಿಸಿದ ಹಾಗಾಗಬಾರದಲ್ಲ. ನಮ್ಮ ಜೋಡಿಗೆ ಎರಡೂ ಟ್ಯೂಬ್ ತೆರೆದಿತ್ತು.

ಮೂರನೆಯದು ಟೈಮ್. ಇಲ್ಲಿ ಎರಡು ವಿಷಯ: ವಯಸ್ಸು, ಮತ್ತು ಅಂಡಾಶಯದಲ್ಲಿ ಉಳಿದಿರೋ ದಾಸ್ತಾನು. ದಾಸ್ತಾನಿನ ಅಂದಾಜಿಗೆ ಎಎಂಎಚ್ ಅನ್ನೋ ರಕ್ತ ಪರೀಕ್ಷೆ ಇದೆ. ಒಂದು ಎಚ್ಚರಿಕೆ: ಎಎಂಎಚ್ ಹೇಳೋದು ಎಷ್ಟು ಅಂಡಾಣು ಅಂತ, ಎಷ್ಟು ಒಳ್ಳೇ ಅಂಡಾಣು ಅಂತ ಅಲ್ಲ. ಗುಣಮಟ್ಟ ಮುಖ್ಯವಾಗಿ ವಯಸ್ಸಿನ ಜೊತೆ ಹೋಗುತ್ತೆ. ಇವರಿಗೆ 31 ವರ್ಷ, ಎಎಂಎಚ್ 2.4. ಟೈಮ್ ಇದೆ.

ದಾರಿ ಇದೆ, ಲೆಕ್ಕ ಸಾಕು, ಟೈಮ್ ಇದೆ. ಇದು ಐಯುಐ ಪ್ರಯತ್ನ ಮಾಡಬಹುದಾದ ಜೋಡಿ. ಇಂಥವರ ಜೊತೆ ಇನ್ನೂ ಕೆಲವರು ಸೇರ್ತಾರೆ. ಪಿಸಿಓಎಸ್‌ನಿಂದ ಅಂಡಾಣು ಸರಿಯಾಗಿ ಬಿಡುಗಡೆ ಆಗದೆ, ಬರೀ ಮಾತ್ರೆಯಲ್ಲಿ ಗರ್ಭ ನಿಲ್ಲದವರು. ನೋವಿನಿಂದಲೋ ಬೇರೆ ಕಾರಣಕ್ಕೋ ಸಂಪರ್ಕ ಸಾಧ್ಯವಾಗದವರು. ದಾನಿಯ ವೀರ್ಯ ಬೇಕಾದವರು. ಇನ್ನೊಂದು ಗುಂಪು ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಗಂಡ ಗಲ್ಫ್‌ನಲ್ಲಿ, ವರ್ಷಕ್ಕೆ ಒಂದೂವರೆ ತಿಂಗಳು ರಜೆ. ಮದುವೆಯಾಗಿ ಮೂರು ವರ್ಷ ಆಗಿದ್ರೂ ಒಟ್ಟಿಗೆ ಇದ್ದದ್ದು ನಾಲ್ಕೈದು ತಿಂಗಳು. ಇವರಿಗೆ ಬಂಜೆತನ ಇದೆ ಅಂತ ಹೇಳೋದೇ ಕಷ್ಟ, ಪ್ರಯತ್ನ ಮಾಡೋಕೆ ದಿನಗಳೇ ಸಿಕ್ಕಿಲ್ಲ. ವೀರ್ಯ ಫ್ರೀಜ್ ಮಾಡಿಟ್ಟು ಸರಿಯಾದ ದಿನ ಐಯುಐ ಮಾಡಬಹುದು.

ಈಗ ನಮ್ಮ ಜೋಡಿಯ ಐಯುಐ ತಿಂಗಳು ಹೇಗಿರುತ್ತೆ, ದಿನ ಲೆಕ್ಕದಲ್ಲಿ ನೋಡೋಣ.

ಪೀರಿಯಡ್ಸ್ ಎರಡನೇ ದಿನ ಒಂದು ಸ್ಕ್ಯಾನ್. ಮೂರನೇ ದಿನದಿಂದ ಏಳನೇ ದಿನದವರೆಗೆ ಲೆಟ್ರೊಜೋಲ್ ಮಾತ್ರೆ. ಅಂಡಾಣು ಇರೋ ನೀರಿನ ಗುಳ್ಳೆ ಬೆಳೆಯೋಕೆ ಇದು ಸಹಾಯ ಮಾಡುತ್ತೆ. ಈ ಗುಳ್ಳೆಗೆ ಫಾಲಿಕಲ್ ಅಂತಾರೆ. ಹತ್ತನೇ ದಿನ ಸ್ಕ್ಯಾನ್ ಮಾಡಿದಾಗ ಒಂದು ಫಾಲಿಕಲ್ 15 ಮಿಲಿಮೀಟರ್ ಇದೆ. ದಿನಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತೆ. ಹನ್ನೆರಡನೇ ದಿನ ನೋಡಿದ್ರೆ 19. ಹಣ್ಣಾಗಿದೆ ಅಂತ ಅರ್ಥ. ಅವತ್ತು ರಾತ್ರಿ ಒಂಬತ್ತಕ್ಕೆ ಎಚ್‌ಸಿಜಿ ಇಂಜೆಕ್ಷನ್, ಇದಕ್ಕೆ ಟ್ರಿಗರ್ ಅಂತಾರೆ. ಇದಾದ ಸುಮಾರು 36 ಗಂಟೆ ಮೇಲೆ ಅಂಡಾಣು ಬಿಡುಗಡೆ ಆಗುತ್ತೆ. ಹಾಗಾಗಿ ಹದಿನಾಲ್ಕನೇ ದಿನ ಬೆಳಗ್ಗೆ ಒಂಬತ್ತಕ್ಕೆ ಐಯುಐ.

ಅವತ್ತು ಗಂಡ ಬೆಳಗ್ಗೆಯೇ ಬಂದು ಸ್ಯಾಂಪಲ್ ಕೊಡ್ತಾರೆ. ತೊಳೆಯೋಕೆ ಒಂದೆರಡು ಗಂಟೆ ಬೇಕಾಗಬಹುದು. ತೊಳೆಯೋದು ಯಾಕೆ? ವೀರ್ಯದ ದ್ರವದಲ್ಲಿರೋ ಕೆಲವು ಅಂಶಗಳು ನೇರವಾಗಿ ಗರ್ಭಕೋಶದ ಒಳಗೆ ಹೋದ್ರೆ ಜೋರಾಗಿ ಹೊಟ್ಟೆ ನುಲಿಯುತ್ತೆ. ಜೊತೆಗೆ ಸತ್ತ, ಜಡ ವೀರ್ಯಾಣುಗಳೂ ಹೋಗಬೇಕು. ಉಳಿಯೋದು ಅರ್ಧ ಎಂಎಲ್‌ಗಿಂತ ಹೆಚ್ಚಿಲ್ಲದ ಒಂದು ಹನಿ. ಅದನ್ನ ತೆಳ್ಳಗಿನ ಮೆತ್ತನೆ ಕೊಳವೆಯಲ್ಲಿ ಒಳಗೆ ಬಿಡ್ತಾರೆ. ಅರಿವಳಿಕೆ ಬೇಡ, ಹೊಲಿಗೆ ಇಲ್ಲ, ಐದು ನಿಮಿಷದ ಕೆಲಸ. ಸ್ವಲ್ಪ ಹೊತ್ತು ಮಲಗಿ ಎದ್ದು ಮನೆಗೆ ಹೋಗಬಹುದು, ಮಾರನೇ ದಿನ ಆಫೀಸಿಗೂ ಹೋಗಬಹುದು. ಹದಿನೈದು ದಿನ ಮಂಚ ಇಳಿಯಬಾರದು ಅಂತ ಮನೆಯವರು ಹೇಳಬಹುದು. ಅದರಿಂದ ಗರ್ಭ ನಿಲ್ಲೋ ಅವಕಾಶ ಹೆಚ್ಚಾಗಲ್ಲ.

ಇದರಲ್ಲಿ ಏನು ತಪ್ಪಬಹುದು? ಒಂದರ ಬದಲು ಮೂರು ನಾಲ್ಕು ಫಾಲಿಕಲ್ ಒಟ್ಟಿಗೆ ದೊಡ್ಡದಾಗಬಹುದು. ಒಳ್ಳೇದೇ ಅಲ್ವಾ ಅನ್ಸುತ್ತೆ. ಅಲ್ಲ. ಅಷ್ಟೂ ಅಂಡಾಣು ಬಿಡುಗಡೆಯಾಗಿ ತ್ರಿವಳಿ ಆದ್ರೆ ತಾಯಿಗೂ ಮಕ್ಕಳಿಗೂ ಅಪಾಯ, ತಿಂಗಳು ತುಂಬುವ ಮೊದಲೇ ಹೆರಿಗೆ ಆಗುತ್ತೆ. ಐಯುಐನಲ್ಲಿ ಎಷ್ಟು ಭ್ರೂಣ ಆಗಬೇಕು ಅನ್ನೋದು ಡಾಕ್ಟರ್ ಕೈಯಲ್ಲಿಲ್ಲ. ಅದಕ್ಕೇ ಆ ತಿಂಗಳು ಕೈಬಿಡೋಣ ಅಂತ ಡಾಕ್ಟರ್ ಹೇಳಿದ್ರೆ ಬೇಜಾರಾದ್ರೂ ಒಪ್ಪಿಕೊಳ್ಳಿ. ಸ್ಕ್ಯಾನ್ ಇಲ್ಲದೆ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ತಿನ್ನಬಾರದು ಅನ್ನೋದೂ ಇದಕ್ಕೇ.

ಇನ್ನೊಂದು, ತುಂಬಾ ಮನಸ್ಸು ನೋಯಿಸೋ ಸಣ್ಣ ವಿಷಯ. ಟ್ರಿಗರ್ ಇಂಜೆಕ್ಷನ್‌ನಲ್ಲಿರೋದು ಎಚ್‌ಸಿಜಿ. ಪ್ರೆಗ್ನೆನ್ಸಿ ಕಿಟ್ ಹುಡುಕೋದೂ ಅದನ್ನೇ. ಇಂಜೆಕ್ಷನ್ ಆಗಿ ಏಳೆಂಟು ದಿನಕ್ಕೆ ತಡೀಲಾರದೆ ಮನೆಯಲ್ಲಿ ಟೆಸ್ಟ್ ಮಾಡಿದ್ರೆ ಎರಡು ಗೆರೆ ಬರಬಹುದು. ಅದು ಇಂಜೆಕ್ಷನ್ನಿನ ಗೆರೆ. ಎಲ್ಲರಿಗೂ ಫೋನ್ ಮಾಡಿ ಹೇಳಿದ ಮೇಲೆ ಅದು ಅಳಿಸಿ ಹೋದ್ರೆ ಹೇಗಿರುತ್ತೆ ಯೋಚಿಸಿ. ಐಯುಐ ಆಗಿ ಎರಡು ವಾರ ಕಾಯಿರಿ.

ಗೆಲ್ಲೋ ಅವಕಾಶ ಎಷ್ಟು? ಇಂಥ ಜೋಡಿಗೆ ಒಂದು ಐಯುಐಗೆ ನೂರಕ್ಕೆ ಹತ್ತರಿಂದ ಹದಿನೈದು ಅಂತ ಇಟ್ಕೊಳ್ಳಬಹುದು. ಅಂದ್ರೆ ಮೊದಲ ಸಲ ಆಗದೇ ಇರೋದೇ ಹೆಚ್ಚು. ಹನ್ನೆರಡು ಅಂತ ಹಿಡಿದು ಮೂರು ಸಲ ಮಾಡಿಸಿದ್ರೆ, ನೂರು ಜೋಡಿಯಲ್ಲಿ ಸುಮಾರು 32 ಜೋಡಿಗೆ ಗರ್ಭ ನಿಲ್ಲುತ್ತೆ. ಮೂರರಲ್ಲಿ ಒಂದು. ಒಂದು ಸಲಕ್ಕೆ ಸಾಮಾನ್ಯವಾಗಿ ಐದರಿಂದ ಹದಿನೈದು ಸಾವಿರ ಖರ್ಚಾಗೋ ಟ್ರೀಟ್‌ಮೆಂಟಿಗೆ ಇದು ಒಳ್ಳೇ ಅವಕಾಶವೇ. ಆದ್ರೆ ಮೂರು ನಾಲ್ಕು ಸಲ ಸರಿಯಾಗಿ ಮಾಡಿಯೂ ಆಗದಿದ್ರೆ, ಐದನೇ ಆರನೇ ಸಲಕ್ಕೆ ಸಿಗೋದು ಕಡಿಮೆ. ಅಲ್ಲಿ ನಿಂತು ಯೋಚಿಸಬೇಕು. ಬಹುಶಃ ಟ್ಯೂಬ್ ತೆರೆದಿದ್ರೂ ಅಂಡಾಣುವನ್ನ ಹಿಡೀತಿಲ್ಲ, ಅಥವಾ ವೀರ್ಯಾಣು ಅಂಡಾಣುವಿನ ಒಳಗೆ ಹೋಗ್ತಿಲ್ಲ. ಇವನ್ನ ಯಾವ ಸ್ಕ್ಯಾನೂ ತೋರಿಸಲ್ಲ.

ನಮ್ಮ ಜೋಡಿಗೆ ಮೂರು ಐಯುಐ ಆಯ್ತು, ಗರ್ಭ ನಿಲ್ಲಲಿಲ್ಲ ಅಂತಿಟ್ಕೊಳ್ಳಿ. ಈಗ ಐವಿಎಫ್.

ಇಲ್ಲಿ ಶುರುವಲ್ಲೇ ಗುರಿ ಬೇರೆ. ಐಯುಐನಲ್ಲಿ ಒಂದೋ ಎರಡೋ ಫಾಲಿಕಲ್ ಸಾಕು ಅಂತಿದ್ವಿ. ಇಲ್ಲಿ ಒಂದೇ ತಿಂಗಳಲ್ಲಿ ಹತ್ತು ಹನ್ನೆರಡು ಬೇಕು. ಪೀರಿಯಡ್ಸ್ ಎರಡನೇ ದಿನದಿಂದ ಹತ್ತು ಹನ್ನೆರಡು ದಿನ, ಪ್ರತಿ ದಿನ ಹೊಟ್ಟೆಯ ಚರ್ಮದ ಕೆಳಗೆ ಹಾರ್ಮೋನ್ ಇಂಜೆಕ್ಷನ್. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತಗೊಳ್ತಾರಲ್ಲ, ಹಾಗೆ. ಮನೆಯಲ್ಲೇ ಹಾಕ್ಕೊಳ್ಳೋಕೆ ಕಲಿಸ್ತಾರೆ. ಮಧ್ಯದಲ್ಲಿ ಎರಡನೇ ಇಂಜೆಕ್ಷನ್ ಸೇರುತ್ತೆ, ಅಂಡಾಣು ಅವಧಿಗೆ ಮುಂಚೆ ಬಿಡುಗಡೆಯಾಗದ ಹಾಗೆ ತಡೆಯೋಕೆ. ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್. ದಾವಣಗೆರೆಯಿಂದ ಬೆಂಗಳೂರಿಗೆ ಓಡಾಡೋರಾದ್ರೆ ಈ ಎರಡು ವಾರದ ರಜೆ, ಉಳ್ಕೊಳ್ಳೋ ಜಾಗ, ಬಸ್ ಚಾರ್ಜ್ ಎಲ್ಲಾ ಲೆಕ್ಕಕ್ಕೆ ಬರಬೇಕು.

ನಂತರ ಟ್ರಿಗರ್. ರಾತ್ರಿ ಹತ್ತಕ್ಕೆ ಅಂದ್ರೆ ಹತ್ತಕ್ಕೇ. ಯಾಕೆಂದರೆ ಅಂಡಾಣು ತೆಗೆಯೋದು ಸರಿಯಾಗಿ 34ರಿಂದ 36 ಗಂಟೆ ಮೇಲೆ. ಬೇಗ ತೆಗೆದ್ರೆ ಕಾಯಿ, ತಡವಾದ್ರೆ ಹಣ್ಣು ಉದುರಿ ಹೋಗಿರುತ್ತೆ. ಹಾಕ್ಕೊಳ್ಳೋಕೆ ತಡ ಆದ್ರೆ ಮುಚ್ಚಿಡಬೇಡಿ. ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ಅವರು ಟೈಮ್ ಬದಲಾಯಿಸ್ತಾರೆ.

ಅಂಡಾಣು ತೆಗೆಯೋ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಸ್ವಲ್ಪ ಹೊತ್ತು ಅರಿವಳಿಕೆ ಕೊಡ್ತಾರೆ. ಹೊಟ್ಟೆ ಕೊಯ್ಯಲ್ಲ. ಯೋನಿಯ ಮೂಲಕ, ಸ್ಕ್ಯಾನ್ ನೋಡ್ತಾ, ತೆಳ್ಳಗಿನ ಸೂಜಿಯಿಂದ ಪ್ರತಿ ಫಾಲಿಕಲ್‌ನ ದ್ರವ ಹೀರ್ತಾರೆ. ಹದಿನೈದು ಇಪ್ಪತ್ತು ನಿಮಿಷ. ಆ ದ್ರವದಲ್ಲಿ ಅಂಡಾಣು ಹುಡುಕೋದು ಲ್ಯಾಬಿನವರು. ಸಾಮಾನ್ಯವಾಗಿ ಅವತ್ತೇ ಮನೆಗೆ.

ಇಲ್ಲಿಂದ ಸಂಖ್ಯೆಗಳು ಇಳಿಯೋಕೆ ಶುರುವಾಗುತ್ತೆ. ಇದನ್ನ ಮೊದಲೇ ತಿಳ್ಕೊಂಡಿರಬೇಕು, ಇಲ್ಲದಿದ್ರೆ ದಿನಾ ಒಂದು ಏಟು ಬಿದ್ದ ಹಾಗಾಗುತ್ತೆ. ನಮ್ಮ ಉದಾಹರಣೆಯಲ್ಲಿ 12 ಅಂಡಾಣು ಸಿಕ್ಕಿತು. ಪಕ್ವವಾಗಿರೋದು 9. ವೀರ್ಯಾಣು ಜೊತೆ ಸೇರಿ ಫಲಿತವಾಗಿದ್ದು 6. ಐದನೇ ದಿನದವರೆಗೆ ಬೆಳೆದು ಬಂದದ್ದು 3. ಯಾರೂ ಯಾವ ತಪ್ಪೂ ಮಾಡಿಲ್ಲ, ಇದು ಸಹಜ ಇಳಿಕೆ. ಕೆಲವರಿಗೆ 12ರಿಂದ ಒಂದೂ ಉಳಿಯದೆ ಇರಬಹುದು. ಅದೂ ಆಗುತ್ತೆ.

ಫಲಿತ ಮಾಡೋಕೆ ಎರಡು ವಿಧ. ಅಂಡಾಣು ಸುತ್ತ ವೀರ್ಯಾಣುಗಳನ್ನ ಬಿಟ್ಟು ತಾನಾಗೇ ಒಳಗೆ ಹೋಗಲಿ ಅನ್ನೋದು ಒಂದು. ಇನ್ನೊಂದು ಇಕ್ಸಿ: ಒಂದೇ ಒಂದು ವೀರ್ಯಾಣುವನ್ನ ಸೂಜಿಯಲ್ಲಿ ತೆಗೆದು ಅಂಡಾಣುವಿನ ಒಳಗೆ ಬಿಡೋದು. ಲಕ್ಷಗಟ್ಟಲೆ ವೀರ್ಯಾಣು ಇಲ್ಲದವರಿಗೂ ದಾರಿಯಾದದ್ದು ಇದರಿಂದ. ಬೆಲ್ಜಿಯಂನ ತಂಡವೊಂದು 1992ರಲ್ಲಿ ಇದನ್ನ ಜಗತ್ತಿಗೆ ತಿಳಿಸಿತು.

ಮೂರು ಭ್ರೂಣದಲ್ಲಿ ಒಂದನ್ನ ಗರ್ಭಕೋಶಕ್ಕೆ ಇಡ್ತಾರೆ. ಇದಕ್ಕೆ ಸಾಮಾನ್ಯವಾಗಿ ಅರಿವಳಿಕೆ ಬೇಡ, ಹೆಚ್ಚು ಕಡಿಮೆ ಐಯುಐ ಥರಾನೇ ಇರುತ್ತೆ. ಉಳಿದ ಎರಡನ್ನ ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಫ್ರೀಜ್ ಮಾಡಿಡ್ತಾರೆ. ಮೊದಲನೆಯದು ನಿಲ್ಲದಿದ್ರೆ ಮತ್ತೆ ಇಂಜೆಕ್ಷನ್, ಮತ್ತೆ ಸೂಜಿ ಬೇಡ. ಎರಡು ಇಟ್ಟುಬಿಡಿ ಡಾಕ್ಟ್ರೇ, ಅವಳಿ ಆದ್ರೆ ಒಂದೇ ಖರ್ಚಲ್ಲಿ ಮುಗೀತು ಅಂತ ಕೇಳೋರು ಇದ್ದಾರೆ. ಅವಳಿ ಅಂದ್ರೆ ಬಿಪಿ, ಅವಧಿಗೆ ಮುಂಚೆ ಹೆರಿಗೆ, ಎನ್‌ಐಸಿಯುನಲ್ಲಿ ವಾರಗಟ್ಟಲೆ ಇರೋ ಸಾಧ್ಯತೆ. ಒಳ್ಳೇ ಭ್ರೂಣ ಇದ್ರೆ ಒಂದೊಂದಾಗಿ ಇಡೋದೇ ಕ್ಷೇಮ.

ಅವಕಾಶ ಎಷ್ಟು? ಹೆಂಡತಿಗೆ 35ರ ಒಳಗಿದ್ರೆ ಒಂದು ಸಲ ಭ್ರೂಣ ಇಟ್ಟಾಗ ಮಗು ಕೈಗೆ ಬರೋ ಸಾಧ್ಯತೆ ಹೆಚ್ಚು ಕಡಿಮೆ ಮೂರರಲ್ಲಿ ಒಂದು. ಐಯುಐಗೆ ಹೋಲಿಸಿದ್ರೆ ಎರಡು ಮೂರು ಪಟ್ಟು. ಹಾಗಿದ್ರೂ ಮೊದಲ ಸಲ ಆಗದೇ ಇರೋರೇ ಜಾಸ್ತಿ. 40 ದಾಟಿದ ಮೇಲೆ ಸ್ವಂತ ಅಂಡಾಣುವಿನಲ್ಲಿ ಇದು ಕಡಿದಾಗಿ ಇಳಿಯುತ್ತೆ. ಐವಿಎಫ್ ವಯಸ್ಸನ್ನ ಹಿಂದಕ್ಕೆ ತಿರುಗಿಸಲ್ಲ. ನಲವತ್ತೆರಡಕ್ಕೆ ಮಾಡಿಸಿದ್ರೂ ಆಗುತ್ತೆ, ಲ್ಯಾಬ್ ಇದೆಯಲ್ಲ ಅನ್ನೋ ಧೈರ್ಯ ಬೇಡ.

ಅಪಾಯದ ವಿಷಯ ಒಂದು ಹೇಳಲೇಬೇಕು. ಇಂಜೆಕ್ಷನ್ನಿಗೆ ಅಂಡಾಶಯ ಅತಿಯಾಗಿ ಪ್ರತಿಕ್ರಿಯಿಸಿದ್ರೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳಬಹುದು. ಇದಕ್ಕೆ ಓಎಚ್‌ಎಸ್‌ಎಸ್ ಅಂತ ಹೆಸರು. ಪಿಸಿಓಎಸ್ ಇರೋರಿಗೆ, ಎಎಂಎಚ್ ಜಾಸ್ತಿ ಇರೋರಿಗೆ ಹೆಚ್ಚು. ಸ್ವಲ್ಪ ಹೊಟ್ಟೆ ಉಬ್ಬರ ಎಲ್ಲರಿಗೂ ಇರುತ್ತೆ. ಆದ್ರೆ ಒಂದೆರಡು ದಿನದಲ್ಲಿ ತೂಕ ಏರ್ತಾ ಹೋದ್ರೆ, ಹೊಟ್ಟೆ ಬಿಗಿದು ವಾಂತಿ ನಿಲ್ಲದಿದ್ರೆ, ಮೂತ್ರ ಕಡಿಮೆಯಾದ್ರೆ, ಉಸಿರಾಡೋಕೆ ಕಷ್ಟವಾದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಇಂಥ ಅಪಾಯ ಕಂಡ್ರೆ ಡಾಕ್ಟರ್ ಬೇರೆ ಥರದ ಟ್ರಿಗರ್ ಕೊಟ್ಟು, ಎಲ್ಲಾ ಭ್ರೂಣ ಫ್ರೀಜ್ ಮಾಡಿ, ಒಂದೆರಡು ತಿಂಗಳು ಬಿಟ್ಟು ಇಡ್ತಾರೆ. ತಡ ಮಾಡ್ತಿದ್ದಾರೆ ಅಂತ ಅಂದ್ಕೋಬೇಡಿ, ಅದು ನಿಮ್ಮ ಜೀವದ ಕಾಳಜಿ.

ಈಗ ಅದೇ ಜೋಡಿಯನ್ನ ಇಟ್ಕೊಂಡು ಒಂದೊಂದೇ ವಿಷಯ ಬದಲಾಯಿಸೋಣ. ಆಗ ಆಯ್ಕೆ ಹೇಗೆ ತಿರುಗುತ್ತೆ ನೋಡಿ.

ಮೊದಲು ದಾರಿ. ಎಚ್‌ಎಸ್‌ಜಿಯಲ್ಲಿ ಎರಡೂ ಟ್ಯೂಬ್ ಮುಚ್ಚಿದೆ ಅಂತ ಬಂತು. ನಮ್ಮ ದೇಶದಲ್ಲಿ ಇದಕ್ಕೆ ಒಂದು ಮುಖ್ಯ ಕಾರಣ ಕ್ಷಯ. ಶ್ವಾಸಕೋಶಕ್ಕೆ ಬರೋ ಟಿಬಿ, ಗೊತ್ತಾಗದ ಹಾಗೆ ಟ್ಯೂಬಿಗೂ ಬರಬಹುದು. ಅದಿದ್ರೆ ಮೊದಲು ಅದರ ಚಿಕಿತ್ಸೆ. ಇಂಥವರಿಗೆ ಹತ್ತು ಐಯುಐ ಮಾಡಿದ್ರೂ ಪ್ರಯೋಜನ ಇಲ್ಲ, ಐವಿಎಫ್ ದಾರಿಯೇ. ಟ್ಯೂಬ್ ಮುಚ್ಚಿ ಅದರಲ್ಲಿ ನೀರು ತುಂಬಿ ಊದಿಕೊಂಡಿದ್ರೆ, ಐವಿಎಫ್‌ಗೂ ಮುಂಚೆ ಆ ಟ್ಯೂಬನ್ನ ತೆಗೀಬೇಕು ಅಥವಾ ಕಟ್ಟಬೇಕು. ಆ ನೀರು ಗರ್ಭಕೋಶಕ್ಕೆ ಇಳಿದು ಭ್ರೂಣ ನಿಲ್ಲೋದನ್ನ ಕೆಡಿಸುತ್ತೆ.

ಎರಡು, ಲೆಕ್ಕ. ಟ್ಯೂಬ್ ಸರಿ ಇದೆ, ಆದ್ರೆ ವೀರ್ಯಾಣು ಎಂಎಲ್‌ಗೆ 14ರ ಬದಲು 2 ಮಿಲಿಯನ್. ಚಲನೆ ಅದೇ 35 ಅಂತ ಇಟ್ಕೊಂಡ್ರೂ ಒಟ್ಟು ಚಲಿಸೋದು 1.4 ಮಿಲಿಯನ್, ತೊಳೆದ ಮೇಲೆ ಒಂದು ಮಿಲಿಯನ್ನೂ ಉಳಿಯಲ್ಲ. ಇಲ್ಲಿ ಇಕ್ಸಿ. ಅದಕ್ಕೂ ಮುಂಚೆ ಗಂಡಸಿಗೆ ಒಬ್ಬ ಆಂಡ್ರಾಲಜಿಸ್ಟ್ ಅಥವಾ ಯುರಾಲಜಿಸ್ಟ್ ಪರೀಕ್ಷೆ ಆಗಲೇಬೇಕು. ಜಿಮ್‌ನಲ್ಲಿ ಯಾರೋ ಕೊಟ್ಟ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ತಿದ್ರೆ ನಾಚಿಕೆ ಬಿಟ್ಟು ಹೇಳಿ. ಅದು ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡುತ್ತೆ. ನಿಲ್ಲಿಸಿದ್ರೆ ಬಹಳ ಜನರಲ್ಲಿ ತಿಂಗಳುಗಳಲ್ಲಿ ವಾಪಸ್ ಬರುತ್ತೆ, ಐವಿಎಫ್ ಖರ್ಚೇ ಉಳಿಯಬಹುದು.

ಮೂರು, ಟೈಮ್. ಎಲ್ಲಾ ಅದೇ, ಆದ್ರೆ ಹೆಂಡತಿಗೆ 31ರ ಬದಲು 39, ಎಎಂಎಚ್ 0.7. ದಾರಿ ಇದೆ, ಲೆಕ್ಕ ಇದೆ. ಐಯುಐ ಮಾಡಬಾರದು ಅಂತೇನಿಲ್ಲ. ಆದ್ರೆ ಮೂರು ಐಯುಐಗೆ ಮಧ್ಯದ ಬಿಡುವು ಸೇರಿ ಆರು ತಿಂಗಳು ಹೋಗುತ್ತೆ. 31ರಲ್ಲಿ ಆರು ತಿಂಗಳು ದೊಡ್ಡದಲ್ಲ, 39ರಲ್ಲಿ ದೊಡ್ಡದು. ಇಂಥವರು ಐಯುಐ ಬಿಟ್ಟು ನೇರ ಐವಿಎಫ್ ಯೋಚಿಸೋದು ದುಡುಕಲ್ಲ.

ಹಾಗಾಗಿ ನಾದಿನಿಗೆ ಐಯುಐನಲ್ಲಿ ಆಯ್ತು, ಕೊಲೀಗ್‌ಗೆ ಐವಿಎಫ್‌ನಲ್ಲಿ ಆಯ್ತು ಅನ್ನೋ ಮಾತು ನಿಮ್ಮ ನಿರ್ಧಾರಕ್ಕೆ ಬರಲ್ಲ. ಅವರ ಮೂರು ಉತ್ತರ ಬೇರೆ, ನಿಮ್ಮದು ಬೇರೆ.

ಕೊನೆಗೆ ಕಾನೂನು ಮತ್ತು ದುಡ್ಡು. 2021ರ ಎಆರ್‌ಟಿ ಕಾಯ್ದೆ ಪ್ರಕಾರ ಈ ಚಿಕಿತ್ಸೆ ಕೊಡೋ ಕ್ಲಿನಿಕ್ ನೋಂದಣಿ ಆಗಿರಲೇಬೇಕು. ಲೆವೆಲ್ 1 ಕ್ಲಿನಿಕ್‌ನಲ್ಲಿ ಐಯುಐ ಮಾತ್ರ, ಐವಿಎಫ್‌ಗೆ ಲೆವೆಲ್ 2 ಬೇಕು. ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಇದು ತಿಳಿದಿದ್ರೆ ಇನ್ನೊಂದು ಅನುಕೂಲ: ಐಯುಐ ಮಾತ್ರ ಮಾಡೋ ಕಡೆ ಏಳನೇ ಐಯುಐ ಅಂದ್ರೆ, ಅಥವಾ ದೊಡ್ಡ ಸೆಂಟರ್‌ನಲ್ಲಿ ಟ್ಯೂಬ್ ಪರೀಕ್ಷೆಯೂ ಇಲ್ಲದೆ ಮೊದಲ ದಿನವೇ ಐವಿಎಫ್ ಪ್ಯಾಕೇಜ್ ಅಂದ್ರೆ, ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ತಗೊಳ್ಳಬಹುದು. ಚಿಕಿತ್ಸೆಗೆ ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55 ವಯಸ್ಸಿನ ಮಿತಿ ಇದೆ. ಗಂಡೋ ಹೆಣ್ಣೋ ಆರಿಸಿ ಕೊಡ್ತೀವಿ ಅಂತ ಯಾರಾದ್ರೂ ಹೇಳಿದ್ರೆ ಅದು ಅಪರಾಧ, ಅಲ್ಲಿಂದ ಎದ್ದು ಬನ್ನಿ.

ಐವಿಎಫ್‌ಗೆ ಖಾಸಗಿಯಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಲಕ್ಷ ಆಗುತ್ತೆ. ಬೋರ್ಡಿನ ಮೇಲಿರೋ ಕಡಿಮೆ ರೇಟಿನಲ್ಲಿ ಇಂಜೆಕ್ಷನ್, ಇಕ್ಸಿ, ಫ್ರೀಜಿಂಗ್, ಮುಂದಿನ ಸಲ ಭ್ರೂಣ ಇಡೋ ಖರ್ಚು ಸೇರಿದೆಯಾ ಅಂತ ಬರೆದುಕೊಡೋಕೆ ಹೇಳಿ. ಸಕ್ಸಸ್ ರೇಟ್ ನೂರಕ್ಕೆ ಎಪ್ಪತ್ತು ಅಂದ್ರೆ, ನನ್ನ ವಯಸ್ಸಿನವರಿಗೆ ಎಷ್ಟು, ಅದು ಟೆಸ್ಟ್ ಪಾಸಿಟಿವ್ ಲೆಕ್ಕವಾ ಅಥವಾ ಮಗು ಹುಟ್ಟಿದ ಲೆಕ್ಕವಾ ಅಂತ ಕೇಳಿ. ಈ ಎರಡು ಅಂಕಿ ಒಂದೇ ಅಲ್ಲ.

ಮುಂದಿನ ಸಲ ಡಾಕ್ಟರ್ ಹತ್ರ ಹೋಗುವಾಗ ಮೂರು ಕಾಗದ ಒಂದೇ ಫೈಲಿನಲ್ಲಿರಲಿ: ವೀರ್ಯ ಪರೀಕ್ಷೆ, ಟ್ಯೂಬ್ ಪರೀಕ್ಷೆ, ಎಎಂಎಚ್. ಈ ಮೂರನ್ನ ಇಟ್ಕೊಂಡು, ನಮಗೆ ಐಯುಐ ಯಾಕೆ, ಅಥವಾ ಐವಿಎಫ್ ಯಾಕೆ, ಎಷ್ಟು ಸಲ ನೋಡಿ ನಿಲ್ಲಿಸೋಣ ಅಂತ ಕೇಳಿ. ಸರಿಯಾದ ಡಾಕ್ಟರ್‌ಗೆ ಈ ಪ್ರಶ್ನೆ ಬೇಜಾರಾಗಲ್ಲ.

ಈ ಸಂಚಿಕೆ ಯಾರಿಗಾದ್ರೂ ಬೇಕಾಗುತ್ತೆ ಅನ್ಸಿದ್ರೆ ಫ್ಯಾಮಿಲಿ ಗ್ರೂಪಿಗೆ ಹಾಕೋ ಬದಲು ಅವರಿಗೊಬ್ಬರಿಗೇ ಕಳಿಸಿ.